ಮುಂದೇನು ಎಂದು ಕೇಳಲು ನಾವು ಬರುವುದಿಲ್ಲ, ತಾಯಿ



ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಯಾವುದೋ ಒಂದು ಹಳ್ಳಿಯಲ್ಲಿ, ಈಚೆಗೆ ಪತಿಯನ್ನು ಕಳೆದುಕೊಂಡು, ಶಾಲೆಗೆ ಹೋಗುವ ಒಂದು ಮಗುವನ್ನೂ ಮಡಿಲು ಬಿಡದ ಇನ್ನೊಂದು ಮಗುವನ್ನೂ ಇಟ್ಟುಕೊಂಡು ಕುಳಿತಿರುವ ನಿಮಗಾಗಿ ಈ ತಿಂಗಳ ಆರೋಗ್ಯ ಪುಟವನ್ನು ಮೀಸಲಿರಿಸಿದ್ದೇವೆ. ಇದು ನಿಮ್ಮ ಕೈಗೆ ನೇರವಾಗಿ ಬಾರದೆ ನೆರೆಮನೆಯವರೋ ಮಠದ ಭಕ್ತರೋ ಓದಿ ಹೇಳಬಹುದು. ಆದುದರಿಂದ ಅವರಿಗೂ ಎರಡು ಮಾತು ಇದರಲ್ಲಿಯೇ ಸೇರಿದೆ. ನೀವು ಮರುಮದುವೆಯಾಗಬೇಕೋ ಬೇಡವೋ, ತವರಿಗೆ ಹೋಗಬೇಕೋ ಅತ್ತೆಯ ಮನೆಯಲ್ಲಿಯೇ ಇರಬೇಕೋ, ಹೊಲವನ್ನು ಗುತ್ತಿಗೆಗೆ ಕೊಡಬೇಕೋ, ಗಾರ್ಮೆಂಟ್ಸ್ ಕೆಲಸಕ್ಕೆ ಸೇರಬೇಕೋ ಎಂಬ ವಿಚಾರಗಳಲ್ಲಿ ಯಾವುದನ್ನೂ ಇಲ್ಲಿ ಎತ್ತುವುದಿಲ್ಲ. ಅವನ್ನು ನಿಮ್ಮ ಮುಂದಿಡಲು ಈಗಾಗಲೇ ಬೇಕಾದಷ್ಟು ಜನ ಬಂದು ಹೋಗಿರುತ್ತಾರೆ. ನಮ್ಮ ಅಭಿಪ್ರಾಯ ಒಂದೇ: ಮೊದಲ ವರ್ಷದಲ್ಲಿ ನಿಮ್ಮ ಆರೋಗ್ಯಕ್ಕೆ ಬೇಕಾಗಿರುವುದು ಸಲಹೆಯಲ್ಲ, ಜೊತೆ. ಆ ಜೊತೆ ಹೇಗಿರಬೇಕು, ಎಷ್ಟು ಹೊತ್ತು ಇರಬೇಕು, ಎಲ್ಲಿಗೆ ಅದರ ಶಕ್ತಿ ಮುಗಿಯುತ್ತದೆ ಎಂಬುದನ್ನು ಮಾತ್ರ ಹೇಳುತ್ತೇವೆ.

ಸಾವಿನ ಕಾರಣ ಒಂದೊಂದು ಮನೆಯಲ್ಲಿ ಒಂದೊಂದು. ಹೃದಯಾಘಾತವಿರಬಹುದು, ರಸ್ತೆ ಅಪಘಾತವಿರಬಹುದು. ಆದರೆ ನಮ್ಮ ಜಿಲ್ಲೆಯಲ್ಲಿ ಈ ಮಾತನ್ನು ಆಡುವಾಗ 2015ನೆಯ ಇಸವಿಯನ್ನು ಮರೆಯಲಾಗದು. ಆ ವರ್ಷ ಸಕ್ಕರೆಯ ಬೆಲೆ ಕುಸಿದು, ಕಬ್ಬಿನ ಬಾಕಿ ಬಾರದೆ, ಸಾಲ ಬೆಳೆದು, ಜೂನ್ ತಿಂಗಳಿನಿಂದೀಚೆಗೆ ಮಂಡ್ಯ ಜಿಲ್ಲೆಯ ರೈತರ ಆತ್ಮಹತ್ಯೆಯ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. 1933ರಲ್ಲಿ ಆರಂಭವಾದ ಕಾರ್ಖಾನೆಯಿಂದ ಸಕ್ಕರೆಯ ನಾಡೆಂದು ಹೆಸರಾದ ಊರಿನ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಚಿಕ್ಕ ವಯಸ್ಸಿನ ತಾಯಂದಿರು ಉಳಿದರು. ನಾಯಕರು ಬಂದರು, ಅಧಿಕಾರಿಗಳು ಬಂದರು, ಕ್ಯಾಮೆರಾಗಳು ಬಂದವು. ಸರ್ಕಾರ ಪರಿಹಾರದ ಮೊತ್ತವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಅದೆಲ್ಲವೂ ಬೇಕಾದದ್ದೇ. ಆದರೆ ಬಂದವರ ಬಾಯಲ್ಲಿ ಹೆಚ್ಚಾಗಿ ಬರುವ ಪ್ರಶ್ನೆ ಒಂದೇ ಆಗಿರುತ್ತದೆ: ಮುಂದೇನು ಮಾಡುತ್ತೀಯಮ್ಮ? ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ಹೆಣ್ಣುಮಗಳು ಆ ರಾತ್ರಿ ಒಂದು ಗಂಟೆಯಾದರೂ ನಿದ್ದೆ ಮಾಡಿದ್ದಳೋ ಇಲ್ಲವೋ ಎಂದು ಯೋಚಿಸುವವರು ಕಡಿಮೆ.

ಆ ಪ್ರಶ್ನೆಯನ್ನು ನಾವು ಬಿಟ್ಟಿರುವುದು ಸಂಕೋಚದಿಂದಲ್ಲ, ಆರೋಗ್ಯದ ದೃಷ್ಟಿಯಿಂದ. ಹೊಸ ಶೋಕದಲ್ಲಿ ನಿದ್ದೆ ತುಂಡುತುಂಡಾಗುತ್ತದೆ. ಮಲಗಿದ ಎರಡು ಗಂಟೆಗೆ ಎಚ್ಚರವಾಗಿ, ಆಮೇಲೆ ಬೆಳಗಿನವರೆಗೂ ಕಣ್ಣು ಮುಚ್ಚದಿರಬಹುದು. ಎದೆಯ ಮೇಲೆ ಕಲ್ಲಿಟ್ಟಂತಾಗುವುದು, ಮತ್ತೆ ಮತ್ತೆ ನಿಟ್ಟುಸಿರು ಬರುವುದು, ಗಂಟಲಲ್ಲಿ ತುತ್ತು ಇಳಿಯದಿರುವುದು, ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಓದಿದ ಸಾಲೇ ಮತ್ತೆ ಓದಿದರೂ ತಲೆಗೆ ಹತ್ತದಿರುವುದು, ಇವೆಲ್ಲ ಶೋಕದ ದೇಹಲಕ್ಷಣಗಳು. ನಿಮಗೆ ಬುದ್ಧಿ ಕೆಟ್ಟಿತೆಂದಾಗಲಿ ನೀವು ಅಶಕ್ತರೆಂದಾಗಲಿ ಇವುಗಳ ಅರ್ಥವಲ್ಲ. ನಿದ್ದೆಯಿಲ್ಲದ, ಊಟವಿಲ್ಲದ ಮನಸ್ಸು ಲೆಕ್ಕ ಹಾಕಲಾರದು, ಎರಡನ್ನು ತೂಗಿ ನೋಡಲಾರದು. ಅಂಥ ಹೊತ್ತಿನಲ್ಲಿ ನಾಲ್ಕು ಜನ ಸುತ್ತ ಕುಳಿತು ಹತ್ತು ವರ್ಷದ ಮುಂದಿನ ಮಾತನ್ನು ಎತ್ತಿದರೆ, ಉತ್ತರ ಹೊಳೆಯದ ಅಸಹಾಯಕತೆಯೊಂದೇ ಉಳಿಯುತ್ತದೆ. ಆದುದರಿಂದ, ತಾಯಿ, ಯಾರಾದರೂ ಹಾಗೆ ಕೇಳಿದಾಗ ‘ಈಗ ಹೇಳಲಾರೆ’ ಎಂದಷ್ಟೇ ಹೇಳಿ ಸುಮ್ಮನಾಗುವ ಹಕ್ಕು ನಿಮಗಿದೆ. ನಿಮ್ಮ ಪಕ್ಕದಲ್ಲಿ ಕುಳಿತವರು ಆ ಮಾತನ್ನು ನಿಮ್ಮ ಪರವಾಗಿಯೂ ಹೇಳಬಹುದು.

ನಮ್ಮ ಪರಂಪರೆಯಲ್ಲಿ ಈ ಜೊತೆಗೆ ಯಾವ ಅಡ್ಡಿಯೂ ಇಲ್ಲವೆಂಬುದನ್ನು ಭಕ್ತರು ನೆನೆಯಬೇಕು. ಹನ್ನೆರಡನೆಯ ಶತಮಾನದ ಶರಣರು ಜನನಸೂತಕವನ್ನೂ ಮರಣಸೂತಕವನ್ನೂ ಅಲ್ಲಗಳೆದರು. ಸಾವಾದ ಮನೆ ಮೈಲಿಗೆಯ ಮನೆಯಲ್ಲ. ಅಲ್ಲಿ ಕುಳಿತರೆ, ಉಂಡರೆ, ಮಗುವನ್ನು ಎತ್ತಿಕೊಂಡರೆ ಯಾವ ಕೇಡೂ ಇಲ್ಲ. ಪತಿ ಲಿಂಗೈಕ್ಯರಾದರೆಂದು ಹೆಂಡತಿಯ ಕೊರಳಿನ ಇಷ್ಟಲಿಂಗವಾಗಲಿ ಹಣೆಯ ವಿಭೂತಿಯಾಗಲಿ ಹೋಗುವುದಿಲ್ಲ. ಹೀಗಿದ್ದೂ ಶಿವಗಣಾರಾಧನೆ ಮುಗಿದ ಮರುದಿನವೇ ಮನೆ ಖಾಲಿಯಾಗುತ್ತದೆ. ಬೀದಿಯಲ್ಲಿ ಎದುರಾದರೆ ಏನು ಮಾತಾಡಬೇಕೆಂದು ತೋಚದೆ ಜನ ಬೇರೆ ದಾರಿ ಹಿಡಿಯುತ್ತಾರೆ. ಪತಿ ತಾನಾಗಿ ಜೀವ ಕಳೆದುಕೊಂಡ ಮನೆಯಾದರಂತೂ ಆ ಮೌನ ಇನ್ನೂ ದಟ್ಟವಾಗಿರುತ್ತದೆ. ಆ ಮನೆಯ ಹೆಣ್ಣುಮಗಳಿಗೆ ಶೋಕದ ಜೊತೆಗೆ ನಾಚಿಕೆಯ ಭಾರವೂ ಸೇರುತ್ತದೆ. ಹಿಂದಿನ ದಿನ ಆಡಿದ ಒಂದು ಬಿರುಸು ಮಾತನ್ನು ಹಿಡಿದುಕೊಂಡು ತನ್ನಿಂದಲೇ ಹೀಗಾಯಿತೆಂದು ನವೆಯುತ್ತಾಳೆ. ತಾಯಿ, ಯಾವ ಆತ್ಮಹತ್ಯೆಯೂ ಒಂದು ಮಾತಿನಿಂದ, ಒಂದು ಜಗಳದಿಂದ ಆಗುವುದಲ್ಲ. ಅನೇಕ ಭಾರಗಳು ಕೂಡಿ, ಮನಸ್ಸು ಕಾಯಿಲೆಗೆ ಒಳಗಾಗಿ, ಬೇರೆ ದಾರಿಯೇ ಕಾಣದ ಸ್ಥಿತಿಯಲ್ಲಿ ಅದು ನಡೆಯುತ್ತದೆ. ಇದನ್ನು ಒಮ್ಮೆ ಹೇಳಿದರೆ ನಿಮಗೆ ನಂಬಿಕೆ ಬಾರದೆಂದು ಬಲ್ಲೆವು. ಕೇಳಿದಾಗಲೆಲ್ಲ ಹೇಳಲು ಸಿದ್ಧರಿದ್ದೇವೆ.

ಇನ್ನೊಂದು ಸಂಗತಿಯನ್ನು ನೀವು ಯಾರಿಗೂ ಹೇಳಿರಲಾರಿರಿ. ನಮ್ಮ ಕಡೆ ಪಂಪ್‌ಸೆಟ್ಟಿಗೆ ಕರೆಂಟು ಬರುವುದು ಎಷ್ಟೋ ಸಲ ರಾತ್ರಿ. ಮೋಟಾರು ಹಾಕಲು ಎದ್ದುಹೋಗಿ ಅಪರಾತ್ರಿಯಲ್ಲಿ ತಿರುಗಿ ಬರುತ್ತಿದ್ದ ಪತಿಯ ಹೆಜ್ಜೆಯ ಸಪ್ಪಳ ಅದೇ ಹೊತ್ತಿಗೆ ಈಗಲೂ ಕೇಳಿಸಬಹುದು. ಬಾಗಿಲ ಚಿಲಕ ಸರಿದಂತಾಗಬಹುದು, ಹೆಸರು ಹಿಡಿದು ಕರೆದಂತಾಗಬಹುದು, ಪಕ್ಕದಲ್ಲಿ ಕುಳಿತಿದ್ದಾರೆ ಎನಿಸಬಹುದು. ಇದನ್ನು ಬಾಯಿಬಿಟ್ಟರೆ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಲು ಕರೆದೊಯ್ಯುತ್ತಾರೆ ಎಂಬ ಭಯದಿಂದ ನೀವು ಸುಮ್ಮನಿರಬಹುದು. ವೇಲ್ಸ್ ದೇಶದ ಡೇವಿ ರೀಸ್ ಎಂಬ ವೈದ್ಯರು ಸಂಗಾತಿಯನ್ನು ಕಳೆದುಕೊಂಡ 293 ಮಂದಿಯನ್ನು ಮಾತನಾಡಿಸಿ 1971ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇಂಥ ಅನುಭವವಾಗಿತ್ತು. ಬಹುಪಾಲು ಜನ ಅದನ್ನು ಯಾರಿಗೂ ಹೇಳಿರಲಿಲ್ಲ. ಅವರು ಹುಚ್ಚರಾಗಿರಲಿಲ್ಲ, ಅವರಿಗೆ ಯಾವ ಗಾಳಿಯೂ ಸೋಕಿರಲಿಲ್ಲ. ವರ್ಷಗಟ್ಟಲೆ ಒಂದು ಹೆಜ್ಜೆಯ ಸಪ್ಪಳಕ್ಕೆ ಕಾದು ರೂಢಿಯಾದ ಕಿವಿ ಅಷ್ಟು ಬೇಗ ಮರೆಯುವುದಿಲ್ಲ, ಅಷ್ಟೇ. ಆ ಧ್ವನಿ ಸಾಯಲು ಹೇಳುತ್ತಿದ್ದರೆ, ಅಥವಾ ಹಗಲುರಾತ್ರಿ ಬಿಡದೆ ಬೈಯುತ್ತಿದ್ದರೆ ಮಾತ್ರ ಅದು ಬೇರೆ ವಿಷಯ. ಆಗ ವೈದ್ಯರಿಗೆ ತಡಮಾಡದೆ ಹೇಳಬೇಕು.

ಮಡಿಲ ಮಗುವಿನ ವಿಚಾರದಲ್ಲಿ ಒಂದು ತಪ್ಪು ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ದುಃಖದ ಹಾಲು ಮಗುವಿಗೆ ವಿಷ, ಹಾಲು ಬಿಡಿಸಿಬಿಡಿ ಎನ್ನುತ್ತಾರೆ. ದುಃಖದಿಂದ ಹಾಲು ಕೆಡುವುದಿಲ್ಲ. ಆದರೆ ತೀವ್ರವಾದ ಆಘಾತದಲ್ಲಿ ಹಾಲು ಇಳಿದುಬರುವುದು ಕೆಲವು ದಿನ ತಡವಾಗಬಹುದು. ಮಗು ಬಾಯಿಟ್ಟ ಕೂಡಲೇ ಹರಿಯದೆ, ಮಗು ಅತ್ತು, ತಾಯಿಗೆ ಹಾಲೇ ಬತ್ತಿತೆಂಬ ಭಯ ಹುಟ್ಟುತ್ತದೆ. ಮಗುವನ್ನು ಮತ್ತೆ ಮತ್ತೆ ಎದೆಗೆ ಹಾಕಿಕೊಂಡರೆ ಸಾಮಾನ್ಯವಾಗಿ ಹಾಲು ತಿರುಗಿ ಬರುತ್ತದೆ. ಆ ಹೊತ್ತಿನಲ್ಲಿ ಪಕ್ಕದವರ ಕೆಲಸವೆಂದರೆ ತಾಯಿಯ ಬೆನ್ನಿಗೊಂದು ದಿಂಬು ಕೊಡುವುದು, ಒಂದು ಲೋಟ ಮಜ್ಜಿಗೆಯನ್ನೋ ರಾಗಿ ಅಂಬಲಿಯನ್ನೋ ಕೈಗಿಡುವುದು, ದೊಡ್ಡ ಮಗುವನ್ನು ಹೊರಗೆ ಕರೆದೊಯ್ಯುವುದು. ಮುದ್ದೆ ನುಂಗಲಾಗದ ದಿನಗಳಲ್ಲಿ ಅಂಬಲಿ, ಗಂಜಿ, ಬೇಳೆಯ ಕಟ್ಟು ಇಳಿಯುತ್ತವೆ. ದಿನಕ್ಕೆರಡು ಸಲ ತುಂಬ ಬಡಿಸಿ ಊಟಮಾಡೆಂದು ಒತ್ತಾಯಿಸುವುದಕ್ಕಿಂತ, ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಕೊಟ್ಟು ಲೋಟ ಖಾಲಿಯಾಗುವವರೆಗೆ ಸುಮ್ಮನೆ ಕುಳಿತಿರುವುದು ಒಳ್ಳೆಯದು.

ದೊಡ್ಡ ಮಗುವಿನ ಪ್ರಶ್ನೆ ನಿಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುತ್ತಿರಬಹುದು. ಅಪ್ಪ ಯಾವಾಗ ಬರುತ್ತಾರೆ ಎಂದು ಕೇಳುತ್ತದೆ. ಹೇಳಿದ ಅರ್ಧ ಗಂಟೆಗೆ ಆಡಲು ಓಡಿಹೋಗುತ್ತದೆ. ರಾತ್ರಿ ಮತ್ತೆ ಅದೇ ಪ್ರಶ್ನೆ. ನೋಡಿದವರು, ಮಗುವಿಗೆ ದುಃಖವೇ ಇಲ್ಲ ಎನ್ನುತ್ತಾರೆ. ಐದಾರು ವರ್ಷದೊಳಗಿನ ಮಗುವಿಗೆ ಸಾವು ತಿರುಗಿ ಬಾರದ ಸಂಗತಿಯೆಂಬುದು ತಿಳಿಯುವುದಿಲ್ಲ. ಕೇಳಿ ಕೇಳಿ, ಪ್ರತಿಸಲವೂ ಅದೇ ಉತ್ತರ ಬಂದಾಗ ಅದು ನಿಧಾನವಾಗಿ ಅರಿಯುತ್ತದೆ. ಆದುದರಿಂದ ಉತ್ತರ ಬದಲಾಗಬಾರದು. ಒಬ್ಬರು ಅಪ್ಪ ಮಲಗಿದ್ದಾರೆ ಎಂದರೆ ಮಗು ಮಲಗಲು ಹೆದರುತ್ತದೆ. ಇನ್ನೊಬ್ಬರು ಬೆಂಗಳೂರಿಗೆ ಹೋಗಿದ್ದಾರೆ ಎಂದರೆ ಬಸ್ಸು ಬಂದಾಗಲೆಲ್ಲ ಬಾಗಿಲಿಗೆ ಓಡುತ್ತದೆ. ಲಿಂಗೈಕ್ಯರಾದರು, ಶಿವನ ಪಾದ ಸೇರಿದರು ಎಂಬವು ನಮಗೆ ಸಮಾಧಾನ ಕೊಡುವ ಪೂಜ್ಯವಾದ ಮಾತುಗಳು. ಆದರೆ ಐದು ವರ್ಷದ ಮಗುವಿಗೆ ಅವು ಊರಿನ ಹೆಸರಿನಂತೆ ಕೇಳಿಸುತ್ತವೆ, ಅಲ್ಲಿಂದ ಯಾವಾಗ ಬರುತ್ತಾರೆ ಎಂದು ಕೇಳುತ್ತದೆ. ಮೊದಲು ಸರಳವಾಗಿ, ‘ಅಪ್ಪ ಸತ್ತುಹೋದರು ಮಗು. ಅವರ ಮೈ ಕೆಲಸ ಮಾಡುವುದನ್ನು ನಿಲ್ಲಿಸಿತು. ಅವರು ತಿರುಗಿ ಬರುವುದಿಲ್ಲ. ನಾನು ಇಲ್ಲೇ ಇದ್ದೇನೆ’ ಎಂದು ಹೇಳಿದ ಮೇಲೆ ಆ ಮಾತುಗಳನ್ನು ಸೇರಿಸಬಹುದು. ಅಳು ಬಂದು ನಿಮಗೆ ಹೇಳಲಾಗದಿದ್ದರೆ, ನಿಮ್ಮ ಎದುರಿನಲ್ಲಿಯೇ ನಿಮ್ಮ ಜೊತೆಗಿರುವವರು ಹೇಳಲಿ. ಮಗುವಿನ ಮುಂದೆ ನೀವು ಅತ್ತರೆ ತಪ್ಪೇನಿಲ್ಲ.

ಮಕ್ಕಳಲ್ಲಿ ಇನ್ನೆರಡು ಬದಲಾವಣೆಗಳನ್ನು ಕಂಡು ಬೆದರಬೇಡಿರಿ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಮಾಡಬಹುದು, ಒಂಟಿಯಾಗಿ ಮಲಗುತ್ತಿದ್ದುದು ನಿಮ್ಮ ಸೆರಗು ಹಿಡಿದೇ ಮಲಗಬಹುದು. ಅಮ್ಮನೂ ಹೋಗಿಬಿಟ್ಟರೆ ಎಂಬ ಹೆದರಿಕೆ ಅದರ ಒಳಗೆ ಇರುತ್ತದೆ. ನೀವು ತಾಲ್ಲೂಕು ಕಚೇರಿಗೆ ಹೊರಟಾಗ ಕಣ್ಣು ತಪ್ಪಿಸಿ ಹೋಗುವುದಕ್ಕಿಂತ, ಎಲ್ಲಿಗೆ ಹೋಗುತ್ತೀರಿ, ಯಾವ ಬಸ್ಸಿಗೆ ಬರುತ್ತೀರಿ, ಅಲ್ಲಿಯವರೆಗೆ ಯಾರು ಜೊತೆಗಿರುತ್ತಾರೆ ಎಂದು ಹೇಳಿ ಹೋದರೆ ಆ ಹೆದರಿಕೆ ಇಳಿಯುತ್ತದೆ. ‘ಇನ್ನು ಮೇಲೆ ನೀನೇ ಮನೆಯ ಯಜಮಾನ’ ಎಂದು ಏಳು ವರ್ಷದ ಹುಡುಗನ ಬೆನ್ನು ತಟ್ಟುವ ಹಿರಿಯರಿಗೆ ನಮ್ಮ ವಿನಂತಿ: ದಯವಿಟ್ಟು ಆ ಮಾತನ್ನು ಬಿಡಿರಿ. ಅದು ಮಗುವಿನ ತಲೆಯ ಮೇಲೆ ಹೊರಿಸುವ ಭವಿಷ್ಯದ ಭಾರ.

ಜೊತೆ ಎಂದರೇನು ಎಂಬುದನ್ನು ಈಗ ಒಂದು ಮನೆಯನ್ನು ಎದುರಿಗಿಟ್ಟುಕೊಂಡು ನೋಡೋಣ. ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ ಎಂದಿಟ್ಟುಕೊಳ್ಳಿ. ತಾಯಿಗೆ 26 ವರ್ಷ, ಮಗಳಿಗೆ 5, ಮಗನಿಗೆ ಒಂದೂವರೆ, ಮನೆಯಲ್ಲಿ ಅತ್ತೆಯೊಬ್ಬರು. ಸಾವು ಆಷಾಢದಲ್ಲಿ ಆಯಿತು. ಹನ್ನೊಂದು ದಿನ ಮನೆ ತುಂಬ ಜನ. ಆಮೇಲೆ ತವರಿನವರು ಒಂದು ತಿಂಗಳು ಇದ್ದು, ನಾಟಿಯ ಕೆಲಸವೆಂದು ಹೊರಟರು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟದ ಹೊತ್ತು ಸಂಜೆ ಆರರಿಂದ ರಾತ್ರಿ ಒಂಬತ್ತರವರೆಗೆ. ಪತಿ ಹೊಲದಿಂದ ಬರುತ್ತಿದ್ದ ಹೊತ್ತು ಅದು. ಮಕ್ಕಳು ಹಸಿದು ರಂಪ ಮಾಡುವ ಹೊತ್ತೂ ಅದೇ. ಊರಿನ ಐದು ಮನೆಗಳ ಹೆಂಗಸರು ಮಾತನಾಡಿಕೊಂಡು ವಾರಕ್ಕೊಂದು ಸಂಜೆಯನ್ನು ಒಬ್ಬೊಬ್ಬರು ಹಿಡಿದರೆ ಐದು ಸಂಜೆಗಳು ತುಂಬುತ್ತವೆ. ಉಳಿದೆರಡು ಸಂಜೆ ತವರಿನಿಂದಲೋ ಓರಗಿತ್ತಿಯಿಂದಲೋ ಫೋನು ಬರಲಿ. ಯಾವ ವಾರ ಯಾರೆಂಬುದು ಮನೆಯವರಿಗೆ ಮೊದಲೇ ತಿಳಿದಿರಬೇಕು. ಏಕೆಂದರೆ ‘ಏನಾದರೂ ಬೇಕಿದ್ದರೆ ಹೇಳಿ ಕಳಿಸು’ ಎಂದರೆ ದುಃಖದಲ್ಲಿರುವವರು ಹೇಳಿ ಕಳಿಸುವುದಿಲ್ಲ. ಬಂದವರು ಕೈ ಬೀಸಿಕೊಂಡು ಬಾರದೆ ತಮ್ಮ ಮನೆಯ ಸೊಪ್ಪು ಸೋಸುವ ಕೆಲಸವನ್ನೋ ಅವರೆಕಾಯಿ ಸುಲಿಯುವ ಕೆಲಸವನ್ನೋ ತಂದುಕೊಳ್ಳಲಿ. ಕೈಗೆ ಕೆಲಸವಿದ್ದರೆ ಮಾತಿಲ್ಲದೆ ಕುಳಿತಿರಲು ಮುಜುಗರವಾಗದು. ಆಕೆ ಮಾತನಾಡಿದರೆ ಕೇಳಬೇಕು. ಪತಿಯ ಹೆಸರನ್ನು ಎತ್ತಲು ಅಂಜಬಾರದು. ಸುಮ್ಮನಿದ್ದರೆ ಮಕ್ಕಳಿಗೆ ಉಣಿಸಿ, ಪಾತ್ರೆ ತೊಳೆದು, ‘ಮುಂದಿನ ಮಂಗಳವಾರ ಬರುತ್ತೇನೆ’ ಎಂದು ಹೇಳಿ ಹೊರಡಬೇಕು. ಹೇಳಿದ ದಿನ ತಪ್ಪದೆ ಬರಬೇಕು.

ಅದೇ ಮನೆಯ ಅತ್ತೆಯನ್ನು ಮರೆಯಬಾರದು. ಆಕೆಯದು ಮಗ ಹೋದ ದುಃಖ. ಒಂದೇ ಚಾವಣಿಯ ಕೆಳಗೆ ಎರಡು ಶೋಕಗಳಿದ್ದು, ಒಂದು ಅಳುವಾಗ ಇನ್ನೊಂದು ಸಿಡುಕಬಹುದು. ಸೊಸೆಯ ಕಾಲ್ಗುಣ ಎಂಬ ಕೆಟ್ಟ ಮಾತು ಹುಟ್ಟುವುದು ಹೆಚ್ಚಾಗಿ ಅಂಥ ಗಳಿಗೆಯಲ್ಲಿ. ಇಬ್ಬರು ಬರುವ ದಿನ ಒಬ್ಬರು ಅತ್ತೆಯ ಬಳಿ ಜಗಲಿಯಲ್ಲಿ ಕುಳಿತರೆ ಆ ಮಾತಿಗೆ ಎಡೆಯಿರುವುದಿಲ್ಲ. ವರ್ಷದ ಹಬ್ಬಗಳಲ್ಲಿಯೂ ಕೆಲವು ದಿನ ಹೆಚ್ಚು ಕಠಿಣ. ಗೌರಿ ಹಬ್ಬದಂದು ಊರೆಲ್ಲ ಬಾಗಿನ ಕೊಟ್ಟು ತೆಗೆದುಕೊಳ್ಳುವಾಗ, ಸಂಕ್ರಾಂತಿಯಂದು ಬೇರೆ ಮನೆಗಳ ಗಂಡಸರು ಎತ್ತುಗಳಿಗೆ ಕಿಚ್ಚು ಹಾಯಿಸಲು ಹೊರಟಾಗ, ಆ ಮನೆಯ ಬಾಗಿಲು ಮುಚ್ಚಿರುತ್ತದೆ. ಅಂದು ಹೋಗಿ ಕೂರುವವರು ಬೇಕು. ವರ್ಷ ತುಂಬುವ ದಿನದ ಹಿಂದುಮುಂದಿನ ವಾರದಲ್ಲಿ ಶೋಕ ಮತ್ತೆ ಹೊಸದಾಗಿ ಏಳುವುದು ಸಹಜ. ಆಗ ‘ಇನ್ನೂ ಅಳುತ್ತೀಯಾ’ ಎಂದು ಯಾರೂ ಕೇಳಬಾರದು.

ಕಾಗದಪತ್ರದ ಕೆಲಸ ಭವಿಷ್ಯದ ಮಾತಲ್ಲವೇ ಎಂದು ಕೆಲವರು ಕೇಳಬಹುದು. ಅದರಲ್ಲಿ ದಿನಕ್ಕೆ ಕಟ್ಟುಬಿದ್ದದ್ದು ಒಂದಿದೆ: ಸಾವಿನ ನೋಂದಣಿ 21 ದಿನದೊಳಗೆ ಆದರೆ ಸುಲಭ, ಮೀರಿದರೆ ಅಲೆದಾಟ ಹೆಚ್ಚುತ್ತದೆ. ಅದನ್ನು ಮನೆಯ ಬಂಧುವೊಬ್ಬರು ಹೊತ್ತುಕೊಂಡು ಮುಗಿಸಲಿ. ತಾಯಿಗೆ ಅದರ ಚಿಂತೆ ಬೇಡ. ರೈತನ ಆತ್ಮಹತ್ಯೆಯೆಂದು ಪರಿಹಾರ ಕೋರಿದ ಮನೆಯಾದರೆ ವಿಚಾರಣೆಯೂ ನಡೆಯುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕುಗಳು ಒಂದೇ ಉಪವಿಭಾಗಕ್ಕೆ ಸೇರಿದವು. ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ ಪ್ರಕರಣವನ್ನು ಪರಿಶೀಲಿಸುತ್ತದೆ. ಪಹಣಿ, ಸಾಲದ ದಾಖಲೆ, ಪೊಲೀಸರ ಮತ್ತು ಮರಣೋತ್ತರ ಪರೀಕ್ಷೆಯ ವರದಿ ನೋಡುತ್ತಾರೆ. ಸಾಲ ಎಷ್ಟಿತ್ತು, ಕುಡಿಯುತ್ತಿದ್ದರೇ, ಮನೆಯಲ್ಲಿ ಜಗಳವಿತ್ತೇ ಎಂಬ ಪ್ರಶ್ನೆಗಳಿಗೆ, ಬೇರೆ ಬೇರೆಯವರ ಮುಂದೆ, ಅದೇ ಹೆಂಗಸು ಮತ್ತೆ ಮತ್ತೆ ಉತ್ತರಿಸಬೇಕಾಗುತ್ತದೆ. ಇಲ್ಲಿ ಜೊತೆಯೆಂದರೆ ಆಕೆಯ ಬದಲು ಮಾತನಾಡುವುದಲ್ಲ. ಆಕೆಯ ಪಕ್ಕದ ಬೆಂಚಿನಲ್ಲಿ ಕುಳಿತಿರುವುದು, ನೀರಿನ ಬಾಟಲಿ ಹಿಡಿದಿರುವುದು, ಮಗುವನ್ನು ಹೊರಗೆ ಆಡಿಸುವುದು, ಯಾರು ಯಾವ ಕಾಗದ ಕೇಳಿದರು, ಮತ್ತೆ ಯಾವ ದಿನ ಬರಲು ಹೇಳಿದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು. ನೆನಪು ನಿಲ್ಲದ ದಿನಗಳಲ್ಲಿ ಆ ಪುಸ್ತಕ ಆಕೆಯ ನೆನಪಿನ ಕೆಲಸ ಮಾಡುತ್ತದೆ. ಹಿಂದಿರುಗಿದ ರಾತ್ರಿ ನಿದ್ದೆ ಇನ್ನೂ ಕೆಡುತ್ತದೆ; ಅಂದು ಯಾರಾದರೂ ಆ ಮನೆಯಲ್ಲಿಯೇ ಮಲಗಿದರೆ ಒಳ್ಳೆಯದು.

ಇನ್ನು, ಜೊತೆಯ ಮಿತಿ. ಕೆಲವು ಲಕ್ಷಣಗಳು ಕಂಡರೆ ಕುಳಿತು ಕೇಳುವುದಷ್ಟೇ ಸಾಲದು. ಎರಡು ಮೂರು ದಿನ ನೀರು, ಅನ್ನ ಮುಟ್ಟದಿರುವುದು. ಮಗು ಅತ್ತರೂ ಕೇಳಿಸದಂತೆ ಕುಳಿತುಬಿಡುವುದು. ತನ್ನ ಒಡವೆಯನ್ನು, ಮಕ್ಕಳನ್ನು ‘ನೋಡಿಕೊಳ್ಳಿ’ ಎಂದು ಇನ್ನೊಬ್ಬರಿಗೆ ಒಪ್ಪಿಸುವ ಮಾತು. ‘ನಾನೂ ಅವರ ಹಿಂದೆಯೇ ಹೋಗುತ್ತೇನೆ’, ‘ಮಕ್ಕಳನ್ನೂ ಕರೆದುಕೊಂಡು ಹೋಗಿಬಿಡುತ್ತೇನೆ’ ಎಂಬ ಮಾತು. ಇವನ್ನು ದುಃಖದ ಭರದ ಮಾತೆಂದು ತೇಲಿಸಬಾರದು. ನೇರವಾಗಿ, ಮೆಲ್ಲನೆ, ‘ಸಾಯಬೇಕೆನ್ನಿಸುತ್ತಿದೆಯೇ ತಾಯಿ?’ ಎಂದು ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ನಿಜವಲ್ಲ. ಒಳಗಿರುವುದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಆ ರಾತ್ರಿ ಆಕೆಯನ್ನೂ ಮಕ್ಕಳನ್ನೂ ಒಂಟಿಯಾಗಿ ಬಿಡಬಾರದು. ಹೊಲಕ್ಕೆಂದು ತಂದು ಉಳಿದಿರುವ ಔಷಧಿಗಳನ್ನೂ ಮನೆಯಲ್ಲಿರುವ ಮಾತ್ರೆಗಳನ್ನೂ ಆ ಮನೆಯಿಂದಲೇ ಹೊರಗೆ ಸಾಗಿಸಬೇಕು. ಅದೂ ಆತ್ಮಹತ್ಯೆ ನಡೆದ ಮನೆಯಲ್ಲಿ ಇದು ಮೊದಲ ವಾರವೇ ಆಗಬೇಕಾದ ಕೆಲಸ; ಆರಾಧನೆಗಿಂತ ಮುಂಚಿನದು. ಬಳಿಕ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸರ್ಕಾರಿ ಸೇವೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿ ಮಾತನಾಡಬಹುದು. ಮದ್ದೂರು, ಮಳವಳ್ಳಿಯವರು ತಾಲ್ಲೂಕು ಆಸ್ಪತ್ರೆಗೆ, ಮಂಡ್ಯದವರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಜೊತೆಯಲ್ಲಿ ಕರೆದೊಯ್ಯಬೇಕು. ‘ಹೋಗಿ ತೋರಿಸಿಕೊ’ ಎಂದು ಹೇಳಿ ಬಿಟ್ಟರೆ ಆಕೆ ಹೋಗಲಾರಳು.

ಅಷ್ಟು ತುರ್ತಿಲ್ಲದ ಇನ್ನೊಂದು ಸ್ಥಿತಿಯುಂಟು. ಶೋಕಕ್ಕೆ ಗಡುವಿಲ್ಲ, ವರ್ಷವಾದರೂ ನೆನೆದು ಅಳುವುದು ಕಾಯಿಲೆಯಲ್ಲ. ಆದರೆ ಆರು ತಿಂಗಳು ಕಳೆದ ಮೇಲೂ ದಿನದಿನವೂ ಅದೇ ತೀವ್ರತೆಯಿದ್ದು, ಸ್ನಾನ, ಅಡಿಗೆ, ಮಕ್ಕಳ ಆರೈಕೆ ಯಾವುದೂ ನಡೆಯದಿದ್ದರೆ, ಒಂದು ಕ್ಷಣವೂ ಮನಸ್ಸು ಬೇರೆಡೆ ಹೊರಳದಿದ್ದರೆ, ಅದಕ್ಕೆ ಚಿಕಿತ್ಸೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಈ ಆರು ತಿಂಗಳ ಅವಧಿಯನ್ನು ಗುರುತಿಸಿದೆ. ನಿದ್ದೆಗೆಂದು ಔಷಧಿ ಅಂಗಡಿಯಿಂದಲೋ ನೆಂಟರಿಂದಲೋ ಮಾತ್ರೆ ಪಡೆದು ನುಂಗಬೇಡಿರಿ. ಹಾಲೂಡಿಸುವ ತಾಯಿಯಾದರೆ ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಿರಿ.

ತಾಯಿ, ಈ ಪುಟದಲ್ಲಿ ನಿಮ್ಮ ನಾಳೆಯ ಬಗ್ಗೆ ಒಂದು ಮಾತೂ ಇಲ್ಲ. ಅದು ನಿಮ್ಮದು, ನಿದ್ದೆ ತಿರುಗಿ ಬಂದು, ತುತ್ತು ರುಚಿಸತೊಡಗಿದ ಮೇಲೆ, ನಿಮ್ಮ ಕಾಲದಲ್ಲಿ, ನಿಮ್ಮ ಬಾಯಿಂದಲೇ ಅದು ಬರಲಿ. ಅಲ್ಲಿಯವರೆಗೆ ಮುಸ್ಸಂಜೆಯಲ್ಲಿ ನಿಮ್ಮ ಜಗಲಿಗೆ ಯಾರಾದರೂ ಸೊಪ್ಪಿನ ಮೊರ ಹಿಡಿದು ಬಂದರೆ ಅವರಿಗೆ ಕಾಫಿ ಕಾಯಿಸಲು ಏಳಬೇಡಿರಿ, ಮಾತನಾಡಿಸಲೇಬೇಕೆಂದೂ ಇಲ್ಲ. ಬಾಗಿಲು ತೆರೆದಿಟ್ಟರೆ ಸಾಕು. ಓದುತ್ತಿರುವ ಭಕ್ತರೇ, ನಿಮ್ಮ ಬೀದಿಯಲ್ಲಿ ಅಂಥ ಒಂದು ಮನೆ ಇದ್ದರೆ, ವಾರದ ಯಾವ ಸಂಜೆ ನಿಮ್ಮದು ಎಂಬುದನ್ನು ಇಂದೇ ಗೊತ್ತುಮಾಡಿಕೊಳ್ಳಿರಿ.

ಶರಣು.